ಬಿದಿರು, ಮೋಡಲ್ ಮತ್ತು ಲಯೊಸೆಲ್ ಬಟ್ಟೆಗಳು: ಗ್ರಾಹಕರಿಗೆ ಮಾಹಿತಿ

ನಂಜನಗೂಡು ಮತ್ತು ತಿರುಮಕೂಡಲು ನರಸೀಪುರ ತಾಲ್ಲೂಕುಗಳ ಗ್ರಾಹಕರ ತಿಳುವಳಿಕೆಗಾಗಿ ಈ ಮಾಹಿತಿಯನ್ನು ನೀಡಲಾಗಿದೆ.

ಪುನರುತ್ಪಾದಿತ ನಾರು ಎಂದರೇನು?

ತಿರುಮಕೂಡಲು ನರಸೀಪುರದ ರೇಷ್ಮೆ ಬಿಚ್ಚಾಣಿಕೆ ಕಾರ್ಖಾನೆಯಲ್ಲಿ ಗೂಡಿನಲ್ಲಿರುವ ಎಳೆಯನ್ನೇ ಬಿಚ್ಚಿ ತೆಗೆಯಲಾಗುತ್ತದೆ. ಬಿದಿರಿನ ಮೃದು ಬಟ್ಟೆಯಲ್ಲಿ ಹಾಗಿಲ್ಲ. ಬಿದಿರಿನ ತಿರುಳನ್ನು ಕಾಸ್ಟಿಕ್ ಸೋಡಾ ಮತ್ತು ಕಾರ್ಬನ್ ಡೈಸಲ್ಫೈಡ್‌ಗಳಿಂದ ದ್ರಾವಣವಾಗಿಸಿ, ಗಂಧಕಾಮ್ಲದ ತೊಟ್ಟಿಯಲ್ಲಿ ಹೊಸದಾಗಿ ಎಳೆಯಾಗಿಸಲಾಗುತ್ತದೆ. ಇದರ ಸರಿಯಾದ ಹೆಸರು ವಿಸ್ಕೋಸ್. ಹಾವೇರಿ ಜಿಲ್ಲೆಯ ಕುಮಾರಪಟ್ಟಣಂನಲ್ಲಿ ಮರದ ತಿರುಳಿನಿಂದ ತಯಾರಾಗುವ ವಿಸ್ಕೋಸ್ ನಾರೂ ಇದೇ ವರ್ಗಕ್ಕೆ ಸೇರಿದೆ.

ಮೋಡಲ್ ಎಂಬುದು ಒದ್ದೆಯಾದಾಗ ಹೆಚ್ಚು ಬಲ ಉಳಿಯುವಂತೆ ಸುಧಾರಿಸಿದ ವಿಸ್ಕೋಸ್. ಲಯೊಸೆಲ್ ತಯಾರಿಕೆಯಲ್ಲಿ ಕಾರ್ಬನ್ ಡೈಸಲ್ಫೈಡ್ ಬಳಸುವುದಿಲ್ಲ. ಅದರ ದ್ರಾವಕದ ಶೇ. 99ಕ್ಕೂ ಹೆಚ್ಚು ಭಾಗವನ್ನು ಮರಳಿ ಪಡೆಯಬಹುದು. ಆದುದರಿಂದ ಪರಿಸರಸ್ನೇಹಿ ಎಂಬ ಮಾತು ತಯಾರಿಕಾ ವಿಧಾನವನ್ನು ಅವಲಂಬಿಸುತ್ತದೆಯೇ ಹೊರತು ಗಿಡದ ಹೆಸರನ್ನಲ್ಲ.

ಜಾಹೀರಾತು ಮತ್ತು ವಾಸ್ತವ

ವಿಸ್ಕೋಸ್ ಮೃದುವಾಗಿದ್ದು, ಹತ್ತಿಗಿಂತ ಹೆಚ್ಚು ತೇವ ಹೀರುತ್ತದೆ ಎಂಬುದು ನಿಜ. ಆದರೆ ಬಿದಿರಿಗೆ ಸೂಕ್ಷ್ಮಾಣುಗಳನ್ನು ತಡೆಯುವ ಗುಣವಿದೆಯೆಂದು ಹೇಳಿದರೂ, ಅದು ಈ ರಾಸಾಯನಿಕ ಕ್ರಿಯೆಯ ನಂತರ ಉಳಿಯುತ್ತದೆಂದು ಭಾವಿಸತಕ್ಕದ್ದಲ್ಲ. 2022ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್, ರೇಯಾನ್ (ವಿಸ್ಕೋಸ್) ಬಟ್ಟೆಯನ್ನು ಬಿದಿರು ಎಂದು ಮಾರಿದ ಆರೋಪದ ಮೇಲೆ ವಾಲ್‌ಮಾರ್ಟ್ ಮತ್ತು ಕೋಲ್ಸ್ ಸಂಸ್ಥೆಗಳ ವಿರುದ್ಧ ಕ್ರಮ ಜರುಗಿಸಿತು. ದಂಡದ ಒಟ್ಟು ಮೊತ್ತ 55 ಲಕ್ಷ ಡಾಲರ್.

ವಿಸ್ಕೋಸ್ ಒದ್ದೆಯಾದಾಗ ತನ್ನ ಬಲದ ಸುಮಾರು ಅರ್ಧವನ್ನು ಕಳೆದುಕೊಳ್ಳುತ್ತದೆ. ಲಯೊಸೆಲ್ ಸುಮಾರು ಶೇ. 85ರಷ್ಟನ್ನು ಉಳಿಸಿಕೊಳ್ಳುತ್ತದೆ, ಆದರೆ ಒದ್ದೆಯಲ್ಲಿ ಉಜ್ಜಿದರೆ ಅದರ ಮೇಲ್ಮೈ ಜುಂಗೇಳುವುದುಂಟು. ಕಲ್ಲಿನ ಮೇಲೆ ಒಗೆದು ಹಿಂಡುವ ಮನೆಗಳಲ್ಲಿ ಈ ವ್ಯತ್ಯಾಸ ಮುಖ್ಯವಾದುದು.

ಮನೆಯಲ್ಲಿಯೇ ಪರೀಕ್ಷೆ

ಉದಾಹರಣೆಗೆ, ಗ್ರಾಹಕರೊಬ್ಬರು ಹತ್ತಿಯೆಂದು ನಂಬಿ ಬಿದಿರಿನ ಟವೆಲ್ ಕೊಂಡಿದ್ದಾರೆ ಎಂದಿಟ್ಟುಕೊಳ್ಳೋಣ. ಅಂಚಿನಿಂದ ಒಂದು ಗೇಣು ನೂಲನ್ನು ತೆಗೆದು, ನಡುಭಾಗವನ್ನು ಮಾತ್ರ ಒದ್ದೆ ಮಾಡಿ, ಎರಡೂ ತುದಿ ಹಿಡಿದು ಎಳೆಯಬೇಕು. ಒದ್ದೆಯಾದಲ್ಲಿಯೇ ಸುಲಭವಾಗಿ ತುಂಡಾದರೆ ಅದು ವಿಸ್ಕೋಸ್ ಆಗಿರುವ ಸಂಭವ ಹೆಚ್ಚು. ಹತ್ತಿಯ ನೂಲು ಒದ್ದೆಯಾದಾಗ ಇನ್ನೂ ಗಟ್ಟಿಯಾಗುವುದರಿಂದ ಸಾಮಾನ್ಯವಾಗಿ ಒಣಭಾಗದಲ್ಲಿ ತುಂಡಾಗುತ್ತದೆ. ಮಿಶ್ರ ನೂಲಿನಲ್ಲಿ ಈ ಪರೀಕ್ಷೆ ಖಚಿತವಲ್ಲ. ಸುಟ್ಟು ನೋಡುವುದರಿಂದ ಪ್ರಯೋಜನವಿಲ್ಲ. ಹತ್ತಿ, ವಿಸ್ಕೋಸ್ ಮತ್ತು ಲಯೊಸೆಲ್ ಮೂರೂ ಕಾಗದದಂತೆಯೇ ಉರಿಯುತ್ತವೆ. ವಿಸ್ಕೋಸ್ ಬಿದಿರಿನದೋ ಮರದದೋ ಎಂಬುದೂ ಈ ಪರೀಕ್ಷೆಗಳಿಂದ ತಿಳಿಯದು.

ದೂರು ಸಲ್ಲಿಕೆ

ಪರಿಸರ ಸಂಬಂಧಿ ಸುಳ್ಳು ಜಾಹೀರಾತುಗಳನ್ನು ತಡೆಯಲು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2024ರಲ್ಲಿ ಮಾರ್ಗಸೂಚಿ ಹೊರಡಿಸಿದೆ. ರಸೀದಿ, ಬಟ್ಟೆಯ ಲೇಬಲ್ ಮತ್ತು ಜಾಹೀರಾತಿನ ಪ್ರತಿಯನ್ನು ಕಾಯ್ದಿರಿಸಿಕೊಂಡು, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಪರಿಹಾರ ದೊರೆಯದಿದ್ದಲ್ಲಿ, ದೂರಿಗೆ ಕಾರಣ ಉಂಟಾದ 2 ವರ್ಷಗಳೊಳಗೆ ಮೈಸೂರಿನ ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗಕ್ಕೆ ದೂರು ಸಲ್ಲಿಸತಕ್ಕದ್ದು.