ಚಳಿಗಾಲದ ವಾಯುವಿಹಾರ: ಯಾವ ಹೊತ್ತು ಲೇಸು?

ರಂಕಾಳ ದಂಡೆಯಲ್ಲಿ ನಸುಕಿಗೇ ನಡೆಯುವ ನಮ್ಮ ಸದಸ್ಯರು, ಅದರಲ್ಲೂ ದಮ್ಮು ಇರುವವರು, ನವೆಂಬರ್‌ನಿಂದ ಫೆಬ್ರುವರಿವರೆಗೆ ವೇಳೆ ಬದಲಿಸಬೇಕು. ಚಳಿಗಾಲದ ರಾತ್ರಿ ನೆಲ ತಣ್ಣಗಾಗಿ, ತಂಪು ಗಾಳಿಯ ಮೇಲೆ ಬೆಚ್ಚನೆಯ ಗಾಳಿ ಮುಚ್ಚಳದಂತೆ ಕೂರುತ್ತದೆ. ಕೊಲ್ಲಾಪುರದ ವಾಹನಗಳ ಹೊಗೆ, ಇಚಲಕರಂಜಿಯ ಬಾಯ್ಲರ್ ಹೊಗೆ, ಗಡಹಿಂಗ್ಲಜ ಕಡೆ ಕಬ್ಬಿನ ರವದಿ ಸುಟ್ಟ ಹೊಗೆ ಅದರಡಿಯೇ ನಿಲ್ಲುತ್ತದೆ. ಜನವರಿಯಲ್ಲಿ ಸೂರ್ಯ ಕಾಣುವುದೇ 7ರ ಸುಮಾರಿಗೆ, 5.30ಕ್ಕೆ ಹೊರಟವರು ಇಡೀ ನಡಿಗೆಯನ್ನು ಆ ಹೊಗೆಯಲ್ಲೇ ಮುಗಿಸುತ್ತಾರೆ.

ಗುರುತು ಸುಲಭ: ಹೊಗೆ ಮೇಲೇರದೆ ಅಡ್ಡಲಾಗಿ ಹರಡಿದ್ದರೆ ಮುಚ್ಚಳ ತೆರೆದಿಲ್ಲ. ನೆಲ ಕಾದ ಮೇಲೆ, ಸಾಮಾನ್ಯವಾಗಿ 9–10ರ ಹೊತ್ತಿಗೆ ಅದು ಒಡೆಯುತ್ತದೆ. ಸಂಜೆ 4ರಿಂದ 5.30 ಇನ್ನೂ ಮೇಲು. ಹೊತ್ತು ಮುಳುಗಿದ ಮೇಲೆ ಮತ್ತೆ ಕಟ್ಟುತ್ತದೆ. ‘ಸಮೀರ್’ ಆ್ಯಪ್‌ನ ಸೂಚ್ಯಂಕ 24 ತಾಸಿನ ಸರಾಸರಿ. ನಸುಕಿನ ಹೊಗೆಗೆ ಅದನ್ನೊಂದನ್ನೇ ನಂಬಬೇಡಿ. ಮಳೆಗಾಲದಲ್ಲಿ ಮಳೆ ಧೂಳನ್ನು ತೊಳೆಯುವುದರಿಂದ ನಸುಕಿನ ನಡಿಗೆಗೆ ಅಡ್ಡಿಯಿಲ್ಲ.