ಪಹಣಿಗೆ ಎಷ್ಟು ಕೀ?

ಮದ್ದೂರು ತಾಲ್ಲೂಕಿನ ವೈದ್ಯನಾಥಪುರದ ಒಂದು ಜಮೀನಿನ ಪಹಣಿ ಬೇಕೆಂದರೆ ‘ಭೂಮಿ’ ತಂತ್ರಾಂಶ ಒಂದರ ಹಿಂದೊಂದು ಪ್ರಶ್ನೆ ಕೇಳುತ್ತದೆ. ಯಾವ ಜಿಲ್ಲೆ, ಯಾವ ತಾಲ್ಲೂಕು, ಯಾವ ಹೋಬಳಿ, ಯಾವ ಗ್ರಾಮ, ಸರ್ವೆ ನಂಬರ್ ಎಷ್ಟು, ಸರ್ನಾಕ್ ಏನು, ಹಿಸ್ಸಾ ಎಷ್ಟು? ಏಳಕ್ಕೂ ಉತ್ತರ ಸಿಕ್ಕರೆ ಶಿಂಷಾ ನದಿಯ ದಡದ ಆ ಒಂದೇ ಒಂದು ತುಂಡು ನೆಲದ ವಿವರ ಪರದೆಗೆ ಬರುತ್ತದೆ, ಪಕ್ಕದವರದ್ದು ಬರುವುದಿಲ್ಲ.

ಕಂಪ್ಯೂಟರ್ ಸೈನ್ಸ್ ತೆಗೆದುಕೊಂಡ ಪಿಯುಸಿ ವಿದ್ಯಾರ್ಥಿಗಳು ಪರೀಕ್ಷೆಗಾಗಿ ಬಾಯಿಪಾಠ ಮಾಡುವ ‘ಸೂಪರ್ ಕೀ’ ಇದೇ. ಮಂಡ್ಯದ ಕಡೆ ಸೂಪರ್ ಎಂದರೆ ಬಲು ಚೆನ್ನಾಗಿದೆ ಎಂದರ್ಥ. ಡೇಟಾಬೇಸಿನಲ್ಲಿ ಆ ಮಾತಿಗೆ ಅಷ್ಟು ಮರ್ಯಾದೆಯಿಲ್ಲ. ಒಂದು ಸಾಲನ್ನು ಇನ್ನೊಂದರಿಂದ ಬೇರೆ ಮಾಡಿ ತೋರಿಸಲು ಸಾಕಾಗುವ ಯಾವುದೇ ಕಾಲಂಗಳ ಗುಂಪು ಸೂಪರ್ ಕೀ. ಅದರಲ್ಲಿ ಬೇಡದ್ದೂ ಸೇರಿರಬಹುದು. ಏಳು ಉತ್ತರಗಳ ಜೊತೆಗೆ ಜಮೀನಿನ ವಿಸ್ತೀರ್ಣವನ್ನೂ ಕೇಳಿದರೂ ಅದು ಸೂಪರ್ ಕೀಯೇ, ಮಣ್ಣಿನ ಬಣ್ಣ ಕೇಳಿದರೂ ಅಷ್ಟೇ.

ಬೇಡದ್ದನ್ನು ಒಂದೊಂದಾಗಿ ಕಿತ್ತುಹಾಕುತ್ತ ಹೋದರೆ ಮುಂದಿನ ಪದ ಸಿಗುತ್ತದೆ. ಊರಿನ ಹೆಸರನ್ನು ನೆಚ್ಚುವಂತಿಲ್ಲ, ಕರ್ನಾಟಕದಲ್ಲಿ ಹೊಸಹಳ್ಳಿಗಳಿಗೆ ಲೆಕ್ಕವಿದೆಯೇ? ಆದರೆ 2011ರ ಜನಗಣತಿ ಪ್ರತಿ ಗ್ರಾಮಕ್ಕೂ ಆರಂಕಿಯ ಕೋಡ್ ಕೊಟ್ಟಿದೆ, ಒಂದು ಊರಿನ ಕೋಡ್ ಇನ್ನೊಂದಕ್ಕಿಲ್ಲ. ಆ ಕೋಡ್ ಬಳಸಿದರೆ ಜಿಲ್ಲೆ, ತಾಲ್ಲೂಕು, ಹೋಬಳಿ ಮೂರನ್ನೂ ಬಿಡಬಹುದು. ಉಳಿಯುವುದು ಊರಿನ ಕೋಡ್, ಸರ್ವೆ ನಂಬರ್, ಸರ್ನಾಕ್, ಹಿಸ್ಸಾ ಎಂಬ ನಾಲ್ಕು. ಇನ್ನು ಇವುಗಳಲ್ಲಿ ಯಾವುದನ್ನು ತೆಗೆದರೂ ಗುರುತು ಕೆಡುತ್ತದೆ. ಹಿಸ್ಸಾ ತೆಗೆದರೆ ಸರ್ವೆ ನಂಬರ್ 45ರ ಒಂದನೇ ಹಿಸ್ಸಾ, ಎರಡನೇ ಹಿಸ್ಸಾ ಒಂದಾಗಿಬಿಡುತ್ತವೆ. ಊರು ತೆಗೆದರೆ ಪಕ್ಕದೂರಿನ 45 ಬಂದು ಕೂರುತ್ತದೆ. ಹೀಗೆ ಇನ್ನು ಏನನ್ನೂ ಕಳೆಯಲಾಗದ ಹಂತಕ್ಕೆ ಬಂದ ಸೂಪರ್ ಕೀಯೇ ಕ್ಯಾಂಡಿಡೇಟ್ ಕೀ. ಎಲ್ಲ ಕ್ಯಾಂಡಿಡೇಟ್ ಕೀಗಳೂ ಸೂಪರ್ ಕೀಗಳೇ, ಎಲ್ಲ ಸೂಪರ್ ಕೀಗಳೂ ಕ್ಯಾಂಡಿಡೇಟ್ ಅಲ್ಲ.

ಇಲ್ಲಿ ಎಡವುವವರು ಬಹಳ. ಸರ್ನಾಕ್ ಜಾಗದಲ್ಲಿ ಸಾಮಾನ್ಯವಾಗಿ ಕಾಣುವುದು ಬರೀ ಒಂದು ನಕ್ಷತ್ರದ ಗುರುತು. ಇಪ್ಪತ್ತು ಪಹಣಿ ಹರಡಿಕೊಂಡು ನೋಡಿದವರು, ಎಲ್ಲದರಲ್ಲೂ ಅದೇ ಇದೆಯಲ್ಲ, ಇದು ಯಾಕೆ ಬೇಕು ಎಂದು ತೆಗೆದುಹಾಕುತ್ತಾರೆ. ಅದೇ ಇಪ್ಪತ್ತರಲ್ಲಿ ಪ್ರತಿ ಜಮೀನಿನ ವಿಸ್ತೀರ್ಣವೂ ಬೇರೆಬೇರೆ ಇದ್ದರೆ, ವಿಸ್ತೀರ್ಣವೊಂದೇ ಸಾಕಲ್ಲ ಎಂದೂ ಅನ್ನಿಸೀತು. ಅಣ್ಣತಮ್ಮಂದಿರು ಎರಡು ಎಕರೆಯನ್ನು ಒಂದೊಂದು ಎಕರೆ ಪಾಲು ಮಾಡಿಕೊಂಡ ದಿನ ಆ ಲೆಕ್ಕ ಮುರಿದುಬೀಳುತ್ತದೆ. ಕೀ ಯಾವುದೆಂದು ಹೇಳುವುದು ಸದ್ಯ ಕಾಣುತ್ತಿರುವ ಸಾಲುಗಳಲ್ಲ, ನಾಳೆ ಬರಬಹುದಾದ ಸಾಲುಗಳಿಗೂ ಅನ್ವಯಿಸುವ ಕಂದಾಯ ಇಲಾಖೆಯ ನಿಯಮ. ಕೈಯಲ್ಲಿರುವ ಮಾಹಿತಿಯಿಂದ ‘ಇದು ಕೀ ಅಲ್ಲ’ ಎಂದು ಸಾಧಿಸಬಹುದು, ‘ಇದು ಕೀ’ ಎಂದು ಸಾಧಿಸಲಾಗದು.

ಆ ನಕ್ಷತ್ರಕ್ಕೂ ಒಂದು ಕೆಲಸವಿದೆ. ಕೀಯ ಭಾಗವಾದ ಕಾಲಂ ಖಾಲಿ ಇರುವಂತಿಲ್ಲ. ‘ಇಲ್ಲ’ ಎನ್ನುವುದನ್ನೂ ಏನಾದರೊಂದು ಬರೆದೇ ಹೇಳಬೇಕು.

2021ರಿಂದ ದೇಶದಲ್ಲಿ ಜಮೀನಿಗೆ ಇನ್ನೊಂದು ಗುರುತು ಬಂದಿದೆ: ಭೂ-ಆಧಾರ್ ಎಂದು ಕರೆಸಿಕೊಳ್ಳುವ ಯುಎಲ್‌ಪಿನ್. ಜಮೀನಿನ ಮೂಲೆಗಳ ಅಕ್ಷಾಂಶ ರೇಖಾಂಶಗಳ ಆಧಾರದ ಮೇಲೆ ಹುಟ್ಟುವ, ಅಂಕಿ ಅಕ್ಷರ ಸೇರಿದ 14 ಸ್ಥಾನಗಳ ಸಂಖ್ಯೆ ಅದು. ಪ್ರತಿ ತುಂಡಿಗೂ ಅದು ಸಿಕ್ಕಿದೆ ಎಂದಿಟ್ಟುಕೊಂಡರೆ ಅದೂ ಕ್ಯಾಂಡಿಡೇಟ್ ಕೀಯೇ. ಒಂದು ಕೀಗೆ ನಾಲ್ಕು ಕಾಲಂ, ಇನ್ನೊಂದಕ್ಕೆ ಒಂದೇ. ಆದರೂ ಎರಡರ ಅರ್ಹತೆಯೂ ಸಮ, ಏಕೆಂದರೆ ಇಲ್ಲಿ ಕೇಳುವುದು ಕಾಲಂ ಎಷ್ಟು ಎಂದಲ್ಲ, ಕಳೆಯಬಹುದಾದದ್ದು ಏನಾದರೂ ಉಳಿದಿದೆಯೇ ಎಂದು.

ಆ ನಾಲ್ಕರ ಜೊತೆಗೆ ಯುಎಲ್‌ಪಿನ್, ವಿಸ್ತೀರ್ಣ ಸೇರಿಸಿ ಆರು ಕಾಲಮ್ಮಿನ ಕೋಷ್ಟಕ ಮಾಡಿ ಎಣಿಸಿದರೆ ಪದಗಳ ನಂಟು ಕಣ್ಣಿಗೆ ಕಟ್ಟುತ್ತದೆ. ಯುಎಲ್‌ಪಿನ್ ಇರುವ ಗುಂಪುಗಳು 32. ಆ ನಾಲ್ಕೂ ಕಾಲಂ ಒಟ್ಟಿಗಿರುವ ಗುಂಪುಗಳು 4, ಅವುಗಳಲ್ಲಿ 2 ಈಗಾಗಲೇ ಲೆಕ್ಕಕ್ಕೆ ಬಂದಿವೆ. ಒಟ್ಟು ಸೂಪರ್ ಕೀ 34. ಕ್ಯಾಂಡಿಡೇಟ್ ಎರಡೇ. ಆ ಎರಡರಲ್ಲಿ ಕೋಷ್ಟಕ ಕಟ್ಟುವವರು ಆರಿಸಿದ್ದು ಪ್ರೈಮರಿ ಕೀ, ಆರಿಸದೆ ಬಿಟ್ಟದ್ದು ಆಲ್ಟರ್ನೇಟ್ ಕೀ. ಚುನಾವಣೆಯಲ್ಲಿ ಸೋತವರ ನಾಮಪತ್ರ ತಿರಸ್ಕೃತವಾಗುವುದಿಲ್ಲವಲ್ಲ, ಹಾಗೇ ಆಲ್ಟರ್ನೇಟ್ ಕೀಯೂ ತನ್ನ ಅರ್ಹತೆ ಕಳೆದುಕೊಳ್ಳುವುದಿಲ್ಲ.

ಸ್ವಾರಸ್ಯವೆಂದರೆ ಈ ಪದಗಳು ಹುಟ್ಟಿದಾಗ ಇಷ್ಟು ಅಚ್ಚುಕಟ್ಟಾಗಿರಲಿಲ್ಲ. ಐಬಿಎಂನಲ್ಲಿದ್ದ ಇ. ಎಫ್. ಕಾಡ್ 1970ರಲ್ಲಿ ಕೋಷ್ಟಕಗಳ ಸಿದ್ಧಾಂತ ಮಂಡಿಸಿದ ಪ್ರಬಂಧದಲ್ಲಿ ಪ್ರೈಮರಿ ಕೀ ಎಂಬ ಮಾತನ್ನೇ ಎಲ್ಲದಕ್ಕೂ ಬಳಸಿದರು. ಗುರುತಿಸುವ ಶಕ್ತಿಯಿದ್ದರೆ ಪ್ರೈಮರಿ ಕೀ, ಅದರಲ್ಲಿ ಅನಗತ್ಯ ಭಾಗ ಇಲ್ಲದಿದ್ದರೆ ಅದಕ್ಕೊಂದು ವಿಶೇಷಣ, ಅಂಥವು ಹಲವು ಇದ್ದರೆ ಮನಸ್ಸಿಗೆ ಬಂದ ಒಂದನ್ನು ಆರಿಸಿ ‘ಆ’ ಪ್ರೈಮರಿ ಕೀ ಎಂದರೆ ಆಯಿತು. ‘ಕ್ಯಾಂಡಿಡೇಟ್’ ಎಂಬ ಮಾತು ಅವರ ಮುಂದಿನ ಬರಹಗಳಲ್ಲಿ ಬಂತು, ಆಗ ‘ಪ್ರೈಮರಿ’ಯ ಅರ್ಥ ಕುಗ್ಗಿ ಒಂದಕ್ಕೇ ನಿಂತಿತು. ಆ ಒಂದನ್ನು ಪಟ್ಟಕ್ಕೇರಿಸಲು ತರ್ಕದ ಕಾರಣ ಏನಿದೆ ಎಂದು ಸಿ. ಜೆ. ಡೇಟ್ ಆಮೇಲೆ ಪ್ರಶ್ನೆ ಎತ್ತಿದರು. ಪ್ರಶ್ನೆ ನ್ಯಾಯವಾದದ್ದೇ. ಕಾರಣಗಳೆಲ್ಲ ಸಿದ್ಧಾಂತದ ಹೊರಗೆ, ಕಚೇರಿಯ ದಿನನಿತ್ಯದ ಕೆಲಸದಲ್ಲಿವೆ.

ವೈದ್ಯನಾಥಪುರದ ಕೋಷ್ಟಕವನ್ನು ಹೀಗೆ ಬರೆಯಬಹುದು. ಇದು ಮಾದರಿಯಷ್ಟೇ, ‘ಭೂಮಿ’ಯ ಒಳಗಿನ ರಚನೆಯಲ್ಲ:

```sql
CREATE TABLE jaminu (
  uru_code CHAR(6)     NOT NULL,
  survey   INTEGER     NOT NULL,
  surnoc   VARCHAR(5)  NOT NULL DEFAULT '*',
  hissa    VARCHAR(10) NOT NULL,
  gunte    NUMERIC(8,2),
  ulpin    CHAR(14)    NOT NULL,
  PRIMARY KEY (uru_code, survey, surnoc, hissa),
  UNIQUE (ulpin)
);
```

ಆಲ್ಟರ್ನೇಟ್ ಕೀ ಎಂಬ ಪದ ಇಲ್ಲಿ ಎಲ್ಲೂ ಇಲ್ಲ. ಎಸ್‌ಕ್ಯೂಎಲ್ ಭಾಷೆಯಲ್ಲಿ ಅದು `UNIQUE`, `NOT NULL` ಎಂಬ ಎರಡು ಷರತ್ತುಗಳ ಹಿಂದೆ ಅಡಗಿದೆ. ಎರಡನೆಯದನ್ನು ಮರೆತರೆ ತೊಂದರೆ. ಪೋಸ್ಟ್‌ಗ್ರೆಸ್‌ನಂಥ ತಂತ್ರಾಂಶಗಳು `UNIQUE` ಕಾಲಮ್ಮಿನಲ್ಲಿ ಎಷ್ಟು ಖಾಲಿ ಜಾಗಗಳಿದ್ದರೂ ಒಪ್ಪಿಕೊಳ್ಳುತ್ತವೆ. ಸಂಖ್ಯೆ ಇನ್ನೂ ಸಿಗದ ಜಮೀನುಗಳಿದ್ದಷ್ಟು ದಿನ ಯುಎಲ್‌ಪಿನ್ ಅಸಲಿಗೆ ಕ್ಯಾಂಡಿಡೇಟೇ ಅಲ್ಲ, ಹಾಗಾಗಿ ಪ್ರೈಮರಿ ಆಗುವ ಮಾತೂ ಇಲ್ಲ. ಅದನ್ನು ಪರೀಕ್ಷಿಸುವುದು ಸುಲಭ: ಖಾಲಿ ಇರುವ ಸಾಲುಗಳನ್ನು ಎಣಿಸಿದಾಗ ಸೊನ್ನೆ ಬರಬೇಕು.

ನಾಲ್ಕು ಕಾಲಮ್ಮಿನ ಕೀಗೂ ತನ್ನದೇ ತಾಪತ್ರಯವಿದೆ. ಪೋಡಿ ಆದಾಗ ಹಿಸ್ಸಾ ನಂಬರ್ ಬದಲಾಗುತ್ತದೆ. ಬೆಳೆ ವಿವರ, ಸಾಲದ ಋಣಭಾರ ಹೀಗೆ ಬೇರೆ ಕೋಷ್ಟಕಗಳಲ್ಲಿ ಆ ನಾಲ್ಕನ್ನೇ ನಕಲು ಮಾಡಿಕೊಂಡಿದ್ದರೆ ಅಲ್ಲೆಲ್ಲ ಹಿಂದೆಯೇ ಹೋಗಿ ತಿದ್ದಬೇಕು. ಹೀಗಾಗಿ ಅನೇಕ ತಂತ್ರಜ್ಞರು ಯಾವ ಅರ್ಥವೂ ಇಲ್ಲದ ಒಂದು ಕ್ರಮಸಂಖ್ಯೆಯನ್ನು ಪ್ರೈಮರಿ ಮಾಡಿ, ಆ ನಾಲ್ಕನ್ನು ಆಲ್ಟರ್ನೇಟ್ ಸ್ಥಾನಕ್ಕೆ ಕಳಿಸುತ್ತಾರೆ. ಕಳಿಸುವ ಭರದಲ್ಲಿ ಆ ನಾಲ್ಕರ ಮೇಲಿನ `UNIQUE` ಬಿಟ್ಟುಹೋದರೆ, 45ರ ಎರಡನೇ ಹಿಸ್ಸಾ ಬೇರೆ ಬೇರೆ ಕ್ರಮಸಂಖ್ಯೆ ಹೊತ್ತು ಎರಡು ಸಲ ದಾಖಲಾಗುತ್ತದೆ. ತಂತ್ರಾಂಶ ತಕರಾರು ಮಾಡುವುದಿಲ್ಲ, ಪ್ರೈಮರಿ ಕೀ ಸರಿಯಾಗಿಯೇ ಇದೆಯಲ್ಲ!

ಇಷ್ಟೆಲ್ಲ ಆದರೂ ಇದು ಜಮೀನಿನ ಕೀ, ಮಾಲೀಕರದ್ದಲ್ಲ. ಒಂದೇ ಹಿಸ್ಸಾದಲ್ಲಿ ಮೂವರು ಅಣ್ಣತಮ್ಮಂದಿರ ಹೆಸರು ಜಂಟಿಯಾಗಿದ್ದರೆ ಮಾಲೀಕರ ಕೋಷ್ಟಕದಲ್ಲಿ ಆ ನಾಲ್ಕು ಕಾಲಂ ಮೂರು ಸಾಲುಗಳಲ್ಲಿ ಬರುತ್ತವೆ. ಅಲ್ಲಿ ಅವು ಸೂಪರ್ ಕೀ ಕೂಡ ಅಲ್ಲ, ಮಾಲೀಕರ ಕ್ರಮಸಂಖ್ಯೆಯನ್ನು ಐದನೆಯದಾಗಿ ಸೇರಿಸಿದ ಮೇಲಷ್ಟೇ ಸಾಲು ಬೇರೆಯಾಗುತ್ತದೆ.