ಕೌಂಟರ್ ಯಾವ ಗಳಿಗೆಯಲ್ಲಿ ಮುಂದೆ ಸರಿಯಬೇಕು?

ಕಂಪ್ಯೂಟರ್ ಆರ್ಕಿಟೆಕ್ಚರ್ ಲ್ಯಾಬಿನಲ್ಲಿ ಪುಟ್ಟದೊಂದು ಸಿಪಿಯುವನ್ನು ಪ್ರೋಗ್ರಾಂ ರೂಪದಲ್ಲಿ ಕಟ್ಟಿ ಎಂದರೆ ವಿದ್ಯಾರ್ಥಿಗಳು ಒಂದು ಮಧ್ಯಾಹ್ನದಲ್ಲಿ ಕಟ್ಟಿ ತೋರಿಸುತ್ತಾರೆ. ಎರಡು ಸಂಖ್ಯೆ ಕೂಡಿಸುವ ಪ್ರೋಗ್ರಾಂ ಓಡಿಸಿದರೆ ಉತ್ತರ ಸರಿಯಾಗಿಯೇ ಬರುತ್ತದೆ. ಆಮೇಲೆ ನಾನು ಲೂಪ್ ಇರುವ ಪ್ರೋಗ್ರಾಂ ಕೊಡುತ್ತೇನೆ. ಹಲವರ ಸಿಪಿಯು ಅಲ್ಲಿ ಎಡವುತ್ತದೆ. ಕಾರಣ ಹುಡುಕುತ್ತ ಹೋದರೆ ಹೆಚ್ಚಿನ ಸಲ ಒಂದೇ ಜಾಗಕ್ಕೆ ಬಂದು ನಿಲ್ಲುತ್ತೇವೆ: ಮುಂದಿನ ಇನ್‌ಸ್ಟ್ರಕ್ಷನ್ ಎಲ್ಲಿದೆ ಎಂದು ನೆನಪಿಟ್ಟುಕೊಳ್ಳುವ ಪ್ರೋಗ್ರಾಂ ಕೌಂಟರನ್ನು ಯಾವಾಗ ಒಂದು ಹೆಚ್ಚಿಸಬೇಕು? ಫೆಚ್, ಡಿಕೋಡ್, ಎಕ್ಸಿಕ್ಯೂಟ್ ಎಂಬ ಸುತ್ತನ್ನು ಸಾಫ್ಟ್‌ವೇರಿನಲ್ಲಿ ಆಡಿಸಿದ ಎಪ್ಪತ್ತೈದು ವರ್ಷಗಳ ಪ್ರಯತ್ನಗಳನ್ನು ಈ ಒಂದು ಪ್ರಶ್ನೆ ಹಿಡಿದುಕೊಂಡು ನೋಡಿದರೆ ಅವುಗಳ ಒಳಗು ಚೆನ್ನಾಗಿ ತೆರೆದುಕೊಳ್ಳುತ್ತದೆ.

ಕೇಂಬ್ರಿಜ್ ವಿಶ್ವವಿದ್ಯಾಲಯದಲ್ಲಿ ಮೌರಿಸ್ ವಿಲ್ಕ್ಸ್ ತಂಡ ಕಟ್ಟಿದ ಎಡ್‌ಸ್ಯಾಕ್ ಯಂತ್ರ 1949ರ ಮೇ 6ರಂದು ಮೊದಲ ಪ್ರೋಗ್ರಾಂ ಓಡಿಸಿತು. ಯಂತ್ರ ಓಡಿದರೂ ಅದಕ್ಕೆ ಬರೆದ ಪ್ರೋಗ್ರಾಂಗಳಲ್ಲಿ ತಪ್ಪುಗಳು ತುಂಬಿರುತ್ತಿದ್ದವು. ತಪ್ಪಾದದ್ದು ಎಲ್ಲಿ ಎಂದು ತಿಳಿಯುವ ಸುಲಭದ ದಾರಿ ಇರಲಿಲ್ಲ. ಅದೇ ತಂಡದ ಸ್ಟ್ಯಾನ್ಲಿ ಗಿಲ್ 1951ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಇದಕ್ಕೊಂದು ಉಪಾಯವಿದೆ. ಪರೀಕ್ಷಿಸಬೇಕಾದ ಪ್ರೋಗ್ರಾಮನ್ನು ಯಂತ್ರ ನೇರವಾಗಿ ಓಡಿಸುವುದಿಲ್ಲ. ಗಿಲ್ ಬರೆದ ಇನ್ನೊಂದು ಪ್ರೋಗ್ರಾಂ ಅದರ ಇನ್‌ಸ್ಟ್ರಕ್ಷನ್‌ಗಳನ್ನು ಒಂದೊಂದಾಗಿ ಎತ್ತಿಕೊಂಡು, ಅದು ಯಾವ ಕೆಲಸದ್ದು ಎಂಬ ಅಕ್ಷರವನ್ನು ಟೆಲಿಪ್ರಿಂಟರಿನಲ್ಲಿ ಅಚ್ಚು ಮಾಡಿ, ಆಮೇಲೆ ಆ ಕೆಲಸ ಮಾಡಿಸುತ್ತದೆ. ಜಂಪ್ ಬಂದಾಗ ಮಾತ್ರ ಎಚ್ಚರ ಬೇಕು. ಅದನ್ನು ಹಾಗೆಯೇ ನಡೆಯಲು ಬಿಟ್ಟರೆ ಹಿಡಿತ ಕೈತಪ್ಪಿ, ಯಂತ್ರ ಮೂಲ ಪ್ರೋಗ್ರಾಮಿಗೆ ಹಾರಿಹೋಗುತ್ತದೆ. ಹಾಗಾಗಿ ಜಂಪನ್ನು ತಡೆದು, ತನ್ನದೇ ಕೌಂಟರಿನಲ್ಲಿ ಹೊಸ ವಿಳಾಸ ಬರೆದುಕೊಳ್ಳಬೇಕು. ನಿಜವಾದ ಕೌಂಟರಿನ ಮೇಲೆ ಇನ್ನೊಂದು ಕೌಂಟರ್! ಇಂದು ಲ್ಯಾಬಿನಲ್ಲಿ ಬರೆಸುವ ಸಿಮ್ಯುಲೇಟರಿನ ಹುಟ್ಟನ್ನು ನಾನು ಇಲ್ಲಿ ಕಾಣುತ್ತೇನೆ. ಕಲಿಸುವುದಕ್ಕಾಗಿ ಹುಟ್ಟಿದ್ದಲ್ಲ ಅದು, ತಪ್ಪು ಹುಡುಕುವುದಕ್ಕಾಗಿ ಹುಟ್ಟಿದ್ದು.

ಕಲಿಸುವ ಯಂತ್ರಗಳು ಬಂದದ್ದು ಅರವತ್ತರ ದಶಕದಲ್ಲಿ. ಎಂಐಟಿಯಲ್ಲಿ ಸ್ಟುವರ್ಟ್ ಮ್ಯಾಡ್ನಿಕ್ ಮತ್ತು ಜಾನ್ ಡೊನೊವನ್ 1965ರಲ್ಲಿ ‘ಲಿಟಲ್ ಮ್ಯಾನ್ ಕಂಪ್ಯೂಟರ್’ ಎಂಬ ಮಾದರಿ ರೂಪಿಸಿದರು. ನೂರು ಅಂಚೆ ಪೆಟ್ಟಿಗೆಗಳು, ಪ್ರತಿಯೊಂದರಲ್ಲೂ ಮೂರಂಕಿಯ ಚೀಟಿ, ಒಂದು ಕ್ಯಾಲ್ಕುಲೇಟರ್, ಅವುಗಳ ನಡುವೆ ಓಡಾಡುವ ಪುಟ್ಟ ಮನುಷ್ಯ. ಮೂರು ವರ್ಷದ ನಂತರ ಬೆಲ್ ಲ್ಯಾಬ್ಸ್ ‘ಕಾರ್ಡಿಯಾಕ್’ ಎಂಬ ರಟ್ಟಿನ ಕಂಪ್ಯೂಟರನ್ನು ಶಾಲೆಗಳಿಗಾಗಿ ತಂದಿತು. ಇದರಲ್ಲೂ ನೂರು ಮನೆ. ಪ್ರೋಗ್ರಾಂ ಕೌಂಟರ್ ಎಂದರೆ ಮನೆಯಿಂದ ಮನೆಗೆ ಸರಿಸುವ ಒಂದು ರಟ್ಟಿನ ಹುಳು. ಚೌಕಾಬಾರದ ಕಾಯಿ ನಡೆಸಿದಂತೆ ಕೈಯಲ್ಲೇ ನಡೆಸಬೇಕು, ಸಿಪಿಯು ಎಂದರೆ ಆಡುವವನೇ. ಕಾರ್ಡಿಯಾಕಿನ ನಿಯಮ ನಮ್ಮ ಪ್ರಶ್ನೆಗೆ ನೇರ ಉತ್ತರ ಕೊಡುತ್ತದೆ: ಹುಳು ಕೂತ ಮನೆಯ ಸಂಖ್ಯೆಯನ್ನು ಓದಿಕೊ, ಹುಳುವನ್ನು ಮುಂದಿನ ಮನೆಗೆ ಸರಿಸು, ಓದಿದ ಕೆಲಸ ಮಾಡುವುದು ಆಮೇಲೆ.

ಈ ಕ್ರಮ ಯಾಕೆ ಮುಖ್ಯ ಎಂಬುದನ್ನು ಲಿಟಲ್ ಮ್ಯಾನ್‌ನ ಒಂದು ಪ್ರೋಗ್ರಾಮಿನಲ್ಲೇ ನೋಡಬಹುದು. ಇಲ್ಲಿ 5 ಎಂದರೆ ಆ ಮನೆಯಲ್ಲಿದ್ದದ್ದನ್ನು ಆಕ್ಯುಮುಲೇಟರಿಗೆ ತಾ, 2 ಎಂದರೆ ಕಳೆ, 8 ಎಂದರೆ ಆಕ್ಯುಮುಲೇಟರ್ ಸೊನ್ನೆ ಅಥವಾ ಹೆಚ್ಚಿದ್ದರೆ ಹಾರು. 902 ಹೊರಗೆ ತೋರಿಸುತ್ತದೆ, 000 ನಿಲ್ಲಿಸುತ್ತದೆ. ಮೂರರಿಂದ ಕೆಳಗೆ ಎಣಿಸುವ ಪ್ರೋಗ್ರಾಂ ಇದು:

```
00: 508
01: 902
02: 209
03: 801
04: 000
08: 003
09: 001
```

ಇದನ್ನು ಓಡಿಸುವ ಸಿಪಿಯುವಿನ ಒಂದು ಹೆಜ್ಜೆ ಪೈಥಾನಿನಲ್ಲಿ ಇಷ್ಟೇ:

```python
def step(m):
    ir = m.mem[m.pc]
    m.pc = (m.pc + 1) % 100
    op, addr = divmod(ir, 100)
    if op == 5:
        m.acc = m.mem[addr]
    elif op == 2:
        m.acc -= m.mem[addr]
    elif op == 8:
        if m.acc >= 0:
            m.pc = addr
    elif ir == 902:
        print(m.acc)
    elif ir == 0:
        m.running = False
    else:
        raise ValueError(ir)
```

ಮೊದಲ ಎರಡು ಸಾಲು ಫೆಚ್, ಮೂರನೆಯದು ಡಿಕೋಡ್, ಉಳಿದದ್ದೆಲ್ಲ ಎಕ್ಸಿಕ್ಯೂಟ್. ಓಡಿಸಿದರೆ 3, 2, 1, 0 ಎಂದು ತೋರಿಸಿ ನಿಲ್ಲುತ್ತದೆ. ಈಗ ಕೌಂಟರ್ ಹೆಚ್ಚಿಸುವ ಸಾಲನ್ನು ಫಂಕ್ಷನ್ನಿನ ಕೊನೆಗೆ ಒಯ್ಯಿರಿ. 03ರಲ್ಲಿರುವ ಜಂಪ್ ಕೌಂಟರಿಗೆ 01 ಎಂದು ಬರೆಯುತ್ತದೆ, ಕೊನೆಯ ಸಾಲು ಅದನ್ನು 02 ಮಾಡುತ್ತದೆ. ತೋರಿಸುವ ಇನ್‌ಸ್ಟ್ರಕ್ಷನ್ ಇರುವುದು 01ರಲ್ಲಿ, ಅದು ಮತ್ತೆಂದೂ ಸಿಗುವುದಿಲ್ಲ. ಪರದೆಯ ಮೇಲೆ ಬರುವುದು 3 ಮಾತ್ರ. ಪ್ರೋಗ್ರಾಂ ಸದ್ದಿಲ್ಲದೆ ಕಳೆಯುತ್ತ ಹೋಗಿ ಸರಿಯಾದ ಜಾಗದಲ್ಲೇ ನಿಲ್ಲುವುದರಿಂದ, ಪಾಪ, ವಿದ್ಯಾರ್ಥಿ ಪ್ರಿಂಟ್ ಮಾಡುವ ಸಾಲಿನಲ್ಲಿ ತಪ್ಪು ಹುಡುಕುತ್ತ ಕೂರುತ್ತಾನೆ.

ಇದಕ್ಕೆ ನಾನು ಹೆಚ್ಚಾಗಿ ನೋಡಿದ ತೇಪೆ ಎಂದರೆ ಜಂಪಿನಲ್ಲಿ `addr - 1` ಬರೆಯುವುದು. ಲೂಪ್ ಸರಿಯಾಗುತ್ತದೆ, ತಪ್ಪು ಅಡಗಿ ಕೂರುತ್ತದೆ. ಅದು ಹೊರಬರುವುದು ಉಪಪ್ರೋಗ್ರಾಮಿಗೆ ಹೋಗಿ ಹಿಂತಿರುಗುವಾಗ. ಕಾರ್ಡಿಯಾಕಿನಲ್ಲಿ ಜಂಪ್ ಮಾಡಿದಾಗ ಮರಳಿ ಬರಬೇಕಾದ ವಿಳಾಸವು ತಾನಾಗಿ 99ನೇ ಮನೆಯಲ್ಲಿ, ಅದೂ ಒಂದು ಜಂಪ್ ಇನ್‌ಸ್ಟ್ರಕ್ಷನ್ ಆಗಿಯೇ ದಾಖಲಾಗುತ್ತದೆ. ಕೌಂಟರ್ ಮೊದಲೇ ಮುಂದೆ ಸರಿದಿದ್ದರೆ ಅಲ್ಲಿ ಬೀಳುವುದು ಮುಂದಿನ ಇನ್‌ಸ್ಟ್ರಕ್ಷನ್ನಿನ ವಿಳಾಸ. ತೇಪೆ ಹಾಕಿದ ಸಿಪಿಯುವಿನಲ್ಲಿ ಬೀಳುವುದು ಜಂಪಿನ ಸ್ವಂತ ವಿಳಾಸ. ಉಪಪ್ರೋಗ್ರಾಂ ಮುಗಿದು 99ಕ್ಕೆ ಬಂದರೆ ಮತ್ತೆ ಅದೇ ಜಂಪಿಗೆ ಹೋಗುತ್ತದೆ, ಮತ್ತೆ ಅದೇ ಉಪಪ್ರೋಗ್ರಾಂ, ಕೊನೆಯೇ ಇಲ್ಲ.

ಎರಡನೆಯ ಎಡವಟ್ಟು ಆಕ್ಯುಮುಲೇಟರಿನ ಅಗಲದ್ದು. ಮೇಲಿನ ಕೋಡಿನಲ್ಲಿ ಸೊನ್ನೆಯಿಂದ ಒಂದು ಕಳೆದರೆ ಪೈಥಾನ್ ಮೈನಸ್ ಒಂದು ಕೊಡುತ್ತದೆ, ಲೂಪ್ ನಿಲ್ಲುತ್ತದೆ. ಮೂರೇ ಅಂಕಿ ಹಿಡಿಯುವ ಯಂತ್ರ ಎಂದು ಪ್ರಾಮಾಣಿಕವಾಗಿ `% 1000` ಹಾಕಿದರೆ 999 ಬರುತ್ತದೆ. ಅದು ಸೊನ್ನೆಗಿಂತ ಹೆಚ್ಚು, ಆದ್ದರಿಂದ 3, 2, 1, 0, 999, 998 ಎಂದು ಎಣಿಕೆ ನಿಲ್ಲದೆ ಸಾಗುತ್ತದೆ. ಫಲಿತಾಂಶ ಸೊನ್ನೆಗಿಂತ ಕೆಳಗೆ ಹೋಯಿತು ಎಂದು ನೆನಪಿಡಲು ಬೇರೆ ಫ್ಲ್ಯಾಗ್ ಬೇಕು. ನಿಜವಾದ ಪ್ರೊಸೆಸರುಗಳಲ್ಲಿ ಆ ಫ್ಲ್ಯಾಗ್ ಯಾಕಿದೆ ಎಂದು ಪಾಠ ಹೇಳುವುದಕ್ಕಿಂತ ಈ ಓಟವನ್ನು ಒಮ್ಮೆ ತೋರಿಸಿಬಿಡುವುದು ನನಗೆ ಹೆಚ್ಚು ಇಷ್ಟ.

ಈ ಎರಡೂ ತಪ್ಪುಗಳನ್ನು ಹಿಡಿಯಲು ಗಿಲ್ ಮಾಡಿದ್ದನ್ನೇ ಮಾಡಬೇಕು. ಪ್ರತಿ ಹೆಜ್ಜೆಯಲ್ಲೂ ಇನ್‌ಸ್ಟ್ರಕ್ಷನ್ ಇದ್ದ ವಿಳಾಸ, ಎತ್ತಿಕೊಂಡ ಸಂಖ್ಯೆ ಮತ್ತು ಕೆಲಸ ಮುಗಿದ ಮೇಲಿನ ಆಕ್ಯುಮುಲೇಟರನ್ನು ಒಂದು ಸಾಲಿನಲ್ಲಿ ಅಚ್ಚು ಮಾಡಬೇಕು:

```
pc=02 ir=209 acc=2
pc=03 ir=801 acc=2
pc=01 ir=902 acc=2
```

ಮೂರನೆಯ ಸಾಲಿನಲ್ಲಿ 01 ಇರಬೇಕಾದಲ್ಲಿ 02 ಕಂಡರೆ ರೋಗ ಗೊತ್ತಾದಂತೆಯೇ.

ಪುಟ್ಟ ಮನುಷ್ಯನ ಮಾದರಿಯಲ್ಲಿ ಒಂದು ಕೊರತೆ ಇದೆ. ಫೆಚ್ ಎಂಬುದು ಅಲ್ಲಿ ಒಂದೇ ಉಸಿರಿನ ಕೆಲಸ. ತಂತಿಗಳಲ್ಲಿ ಹಾಗಾಗುವುದಿಲ್ಲ. ಇದನ್ನು ಬಿಡಿಸಿ ತೋರಿಸಿದ್ದು ಆಲ್ಬರ್ಟ್ ಮಾಲ್ವಿನೊ 1977ರ ತಮ್ಮ ಪಠ್ಯದಲ್ಲಿ ಕೊಟ್ಟ ಸ್ಯಾಪ್-1. ಹದಿನಾರು ಬೈಟ್ ಮೆಮೊರಿ, ಐದೇ ಇನ್‌ಸ್ಟ್ರಕ್ಷನ್. ಆದರೆ ಪ್ರತಿ ಇನ್‌ಸ್ಟ್ರಕ್ಷನ್ನಿಗೂ ಆರು ಗಡಿಯಾರದ ಹೆಜ್ಜೆಗಳು. ಮೊದಲನೆಯದರಲ್ಲಿ ಕೌಂಟರಿನ ವಿಳಾಸ ಮೆಮೊರಿಯ ವಿಳಾಸ ರಿಜಿಸ್ಟರಿಗೆ ಹೋಗುತ್ತದೆ. ಎರಡನೆಯದರಲ್ಲಿ ಕೌಂಟರ್ ಒಂದು ಹೆಚ್ಚುತ್ತದೆ, ಆ ಹೆಜ್ಜೆಗೆ ಬೇರೆ ಕೆಲಸವೇ ಇಲ್ಲ. ಮೂರನೆಯದರಲ್ಲಿ ಮೆಮೊರಿಯ ಬೈಟ್ ಇನ್‌ಸ್ಟ್ರಕ್ಷನ್ ರಿಜಿಸ್ಟರಿಗೆ ಬರುತ್ತದೆ. ಉಳಿದ ಮೂರು ಹೆಜ್ಜೆ ಎಕ್ಸಿಕ್ಯೂಟಿಗೆ. ಮೆಮೊರಿಯಿಂದ ತರುವ ಇನ್‌ಸ್ಟ್ರಕ್ಷನ್ನಿಗೆ ಅದರಲ್ಲಿ ಎರಡೇ ಸಾಕು, ಹೊರಗೆ ತೋರಿಸುವುದಕ್ಕೆ ಒಂದೇ ಸಾಕು, ಉಳಿದವು ಖಾಲಿ ಹೋಗುತ್ತವೆ. ನಮ್ಮ ಇಂಜಿನಿಯರಿಂಗ್ ಕಾಲೇಜುಗಳಲ್ಲಿ 8085 ಓದಿದವರಿಗೆ ಇದು ಟಿ-ಸ್ಟೇಟ್ ಎಂಬ ಹೆಸರಿನಲ್ಲಿ ಪರಿಚಿತ. ಸ್ಯಾಪ್-1ನ್ನು ಸಿಮ್ಯುಲೇಟ್ ಮಾಡುವಾಗ `step` ಎಂದರೆ ಇಡೀ ಇನ್‌ಸ್ಟ್ರಕ್ಷನ್ ಅಲ್ಲ, ಒಂದು ಟಿ-ಸ್ಟೇಟ್. ಲ್ಯಾಬಿಗೆ ಎರಡರಲ್ಲಿ ಒಂದೇ ಆರಿಸಿ ಎಂದರೆ ನಾನು ಇದನ್ನು ಆರಿಸುತ್ತೇನೆ, ಏಕೆಂದರೆ ಕೌಂಟರ್ ಹೆಚ್ಚುವ ಗಳಿಗೆಗೆ ಇಲ್ಲಿ ಸ್ವಂತ ಜಾಗವಿದೆ. ಅದನ್ನು ಕೊನೆಗೆ ತಳ್ಳುವ ಯೋಚನೆಯೇ ಯಾರಿಗೂ ಬರುವುದಿಲ್ಲ.

ವೇಗ ಬೇಕೆನ್ನುವವರು ಬೇರೆ ದಾರಿ ಹಿಡಿದರು. ಲೂಪಿನಲ್ಲಿ ಅದೇ ಇನ್‌ಸ್ಟ್ರಕ್ಷನ್ನನ್ನು ಸಾವಿರ ಸಲ ಡಿಕೋಡ್ ಮಾಡುವ ಬದಲು, ಮೊದಲೇ ಎಲ್ಲವನ್ನೂ ಡಿಕೋಡ್ ಮಾಡಿ ಇಟ್ಟುಕೊಳ್ಳುವುದು. ಇದು ಚೆನ್ನಾಗಿ ಕೆಲಸ ಮಾಡುತ್ತದೆ, ಪ್ರೋಗ್ರಾಂ ತನ್ನನ್ನು ತಾನೇ ತಿದ್ದಿಕೊಳ್ಳದಿದ್ದರೆ. ಲಿಟಲ್ ಮ್ಯಾನ್‌ನಲ್ಲಿ, ಮೊದಲ ದಿನಗಳ ಎಡ್‌ಸ್ಯಾಕಿನಲ್ಲೂ ಸಹ, ಇಂಡೆಕ್ಸ್ ರಿಜಿಸ್ಟರ್ ಇಲ್ಲ. ಪಟ್ಟಿಯ ಒಂದೊಂದೇ ಸಂಖ್ಯೆ ಓದಲು ಪ್ರೋಗ್ರಾಂ ತನ್ನ 520 ಎಂಬ ಇನ್‌ಸ್ಟ್ರಕ್ಷನ್ನಿಗೇ ಒಂದು ಕೂಡಿಸಿ 521 ಮಾಡಿಕೊಳ್ಳಬೇಕು. 20ನೇ ಮನೆಯಿಂದ 4, 5, 6 ಇಟ್ಟು ಮೊತ್ತ ಕೇಳಿದರೆ ಸರಿಯಾದ ಸಿಮ್ಯುಲೇಟರ್ 15 ಹೇಳುತ್ತದೆ. ಮೊದಲೇ ಡಿಕೋಡ್ ಮಾಡಿಟ್ಟದ್ದು ಹಳೆಯ 520ನ್ನೇ ಮೂರು ಸಲ ನಡೆಸಿ 12 ಹೇಳುತ್ತದೆ. ಉತ್ತರವು ಮೊದಲ ಸಂಖ್ಯೆಯ ಅಪವರ್ತ್ಯವಾಗಿ ಬಂದರೆ ಇದನ್ನೇ ಅನುಮಾನಿಸಬೇಕು. ಮನೆಗೆ ಬರೆದಾಗಲೆಲ್ಲ ಅದರ ಡಿಕೋಡ್ ಪ್ರತಿಯನ್ನು ಅಳಿಸುವುದೇ ಪರಿಹಾರ.

ಅಷ್ಟರಲ್ಲಿ ಯಂತ್ರಗಳೇ ಬದಲಾದವು. ಒಂದು ಇನ್‌ಸ್ಟ್ರಕ್ಷನ್ ಎಕ್ಸಿಕ್ಯೂಟ್ ಆಗುವಾಗಲೇ ಮುಂದಿನದನ್ನು ಡಿಕೋಡ್, ಅದರ ಮುಂದಿನದನ್ನು ಫೆಚ್ ಮಾಡುವ ಪೈಪ್‌ಲೈನ್ ಬಂತು. ಮಿಪ್ಸ್ ಪ್ರೊಸೆಸರಿನಲ್ಲಿ ಜಂಪಿನ ನಂತರದ ಇನ್‌ಸ್ಟ್ರಕ್ಷನ್ ಜಂಪ್ ಆದರೂ ನಡೆದೇ ತೀರುತ್ತದೆ, ಏಕೆಂದರೆ ಅದು ಆಗಲೇ ಒಳಗೆ ಬಂದಾಗಿದೆ. ವಿಸ್ಕಾನ್ಸಿನ್‌ನಲ್ಲಿ ಜೇಮ್ಸ್ ಲಾರಸ್ ಬರೆದ ಸ್ಪಿಮ್ ಸಿಮ್ಯುಲೇಟರ್ ಇದನ್ನು ಕಲಿಯುವವರಿಂದ ಮರೆಮಾಡಿಯೇ ಶುರುವಾಗುತ್ತದೆ. ಬೇಕೆಂದವರು ಆಯ್ಕೆ ಬದಲಿಸಿ ನೋಡಬೇಕು. ಮೊದಲ ವಾರಕ್ಕೆ ಇದು ಸರಿ, ಕೊನೆಯ ವಾರಕ್ಕೂ ಹಾಗೇ ಬಿಟ್ಟರೆ ವಿದ್ಯಾರ್ಥಿಗೆ ನಷ್ಟ.

ನಮ್ಮ ಪ್ರಶ್ನೆ ಮತ್ತೆ ಕೇಂಬ್ರಿಜ್ ಊರಿಗೇ ಹೋಗಿ ನಿಲ್ಲುತ್ತದೆ. ಅಲ್ಲಿನ ಏಕಾರ್ನ್ ಕಂಪನಿಯಲ್ಲಿ ಸೋಫಿ ವಿಲ್ಸನ್ ಆರ್ಮ್ ಪ್ರೊಸೆಸರಿನ ಇನ್‌ಸ್ಟ್ರಕ್ಷನ್‌ಗಳನ್ನು ರೂಪಿಸುವಾಗ ಚಿಪ್ ಇರಲಿಲ್ಲ. ಬಿಬಿಸಿ ಬೇಸಿಕ್‌ನಲ್ಲಿ ಬರೆದ ಸಿಮ್ಯುಲೇಟರಿನ ಮೇಲೆ ಅವುಗಳನ್ನು ಓಡಿಸಿ ನೋಡಲಾಯಿತು. ಚಿಪ್ ಕೈಗೆ ಬಂದದ್ದು 1985ರ ಏಪ್ರಿಲ್‌ನಲ್ಲಿ. ಅದರ ಪೈಪ್‌ಲೈನ್ ಮೂರೇ ಹಂತದ್ದು: ಫೆಚ್, ಡಿಕೋಡ್, ಎಕ್ಸಿಕ್ಯೂಟ್. ಒಂದು ಇನ್‌ಸ್ಟ್ರಕ್ಷನ್ ಎಕ್ಸಿಕ್ಯೂಟ್ ಹಂತಕ್ಕೆ ಬರುವಾಗ ಕೌಂಟರ್ ಎರಡು ಇನ್‌ಸ್ಟ್ರಕ್ಷನ್ ಮುಂದೆ ಹೋಗಿರುತ್ತದೆ. ಒಂದೊಂದೂ ನಾಲ್ಕು ಬೈಟ್. ಆದ್ದರಿಂದ ಆರ್ಮ್ ಪ್ರೋಗ್ರಾಂ ತನ್ನ ಕೌಂಟರ್ ಆಗಿರುವ `r15` ಓದಿದರೆ ಸಿಗುವುದು ಆ ಇನ್‌ಸ್ಟ್ರಕ್ಷನ್ನಿನ ವಿಳಾಸಕ್ಕಿಂತ ಎಂಟು ಹೆಚ್ಚಿನ ಸಂಖ್ಯೆ. ಮುಂದೆ ಬಂದ ಆರ್ಮ್ ಚಿಪ್‌ಗಳಲ್ಲಿ ಪೈಪ್‌ಲೈನ್ ಉದ್ದವಾಯಿತು, ಆದರೆ ಹಳೆಯ ಪ್ರೋಗ್ರಾಂಗಳು ಕೆಡಬಾರದೆಂದು 32 ಬಿಟ್ ಆರ್ಮ್ ಇನ್‌ಸ್ಟ್ರಕ್ಷನ್‌ಗಳಿಗೆ ಆ ಎಂಟನ್ನು ಹಾಗೇ ಉಳಿಸಿಕೊಂಡರು. ಇಂದು ಲ್ಯಾಬಿನಲ್ಲಿ ಇದಕ್ಕೆ ಸಿಮ್ಯುಲೇಟರ್ ಬರೆಯುವ ಹುಡುಗಿಯ ಕೋಡಿನಲ್ಲಿ ಪೈಪ್‌ಲೈನೇ ಇರುವುದಿಲ್ಲ. ಆದರೂ `r15` ಓದುವ ಜಾಗದಲ್ಲಿ ಅವಳು `pc + 8` ಎಂದು ಬರೆಯಲೇಬೇಕು.